ಪರೀಕ್ಷೆಗೆ 40 ನಿಮಿಷ ಇರುವಾಗ ನೆಟ್ ಹೋದರೆ

ತಂಗಿಗೆ ಬೆಳಿಗ್ಗೆ 10 ಗಂಟೆಗೆ ಆನ್‌ಲೈನ್ ಪರೀಕ್ಷೆ ಇತ್ತು. ಅವಳು ಕಡೇ ವರ್ಷದ ಎಂಜಿನಿಯರಿಂಗ್ ಓದುತ್ತಿದ್ದಾಳೆ, ಇದು ಕೆಲಸಕ್ಕೆ ಆಯ್ಕೆ ಮಾಡುವ ಪರೀಕ್ಷೆ. ಒಂದೂವರೆ ಗಂಟೆ ಪೂರ್ತಿ ಕ್ಯಾಮೆರಾ ಆನ್ ಇರಬೇಕು. 10.15 ದಾಟಿದರೆ ಲಾಗಿನ್ ಆಗಲು ಬಿಡುವುದಿಲ್ಲ. 9.20ಕ್ಕೆ ಕೋಣೆಯಿಂದ "ಅಪ್ಪಾ, ನೆಟ್ ಹೋಯ್ತು!" ಅಂತ ಕೂಗು ಬಂತು. ನಾನು ಹೋಗಿ ನೋಡುವಷ್ಟರಲ್ಲಿ ಅವಳ ಕೈಯಲ್ಲಿ ಒಂದು ಸೇಫ್ಟಿ ಪಿನ್ ಇತ್ತು. ವೈಫೈ ಡಬ್ಬದ ಹಿಂದಿರುವ ರೀಸೆಟ್ ತೂತಿಗೆ ಚುಚ್ಚಲು ಹೊರಟಿದ್ದಳು.

ಅಪ್ಪ ಬಾಗಿಲಲ್ಲೇ ನಿಂತು, "ಪುಟ್ಟಿ, ಆ ಪಿನ್ ಕೆಳಗಿಡು. ಮೊದ್ಲು ನೋಡೋಣ" ಎಂದರು.

ಅಪ್ಪ ನಿವೃತ್ತ ಲೈನ್‌ಮನ್. ನಾನು ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಪರೀಕ್ಷೆ ದಿನ ಹುಡುಗರಿಂದ ನನಗೆ ಬರುವ ಫೋನುಗಳಲ್ಲಿ ಅತಿ ಬೇಸರದ್ದು ಇದೇ: "ಸರ್, ರೀಸೆಟ್ ಮಾಡಿದೆ, ಈಗ ಏನೂ ಬರ್ತಿಲ್ಲ." ಆ ಸಣ್ಣ ತೂತಿನ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿದರೆ ಡಬ್ಬ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಹೋಗುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಅಳಿಸಿ ಹೋಗುತ್ತವೆ. ನೆಟ್ ಕಂಪನಿಯವರು ಸಂಪರ್ಕ ಕೊಡುವಾಗ ತುಂಬಿಸಿದ್ದ ಯೂಸರ್‌ನೇಮ್ ಕೂಡ ಸಾಮಾನ್ಯವಾಗಿ ಅದರ ಜೊತೆಗೇ ಹೋಗುತ್ತದೆ. ಆಮೇಲೆ ಅವರು ಬಂದು ಮತ್ತೆ ತುಂಬಿಸುವವರೆಗೆ ಕಾಯಬೇಕು. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಸ್ವಿಚ್ ಆಫ್ ಮಾಡಿ ಆನ್ ಮಾಡುವುದು ರೀಸ್ಟಾರ್ಟ್. ಪಿನ್ ಹಾಕುವುದು ರೀಸೆಟ್. ಪರೀಕ್ಷೆ ದಿನ ಪಿನ್ ಮುಟ್ಟಲೇಬೇಡಿ.

ಮೊದಲು ಪರೀಕ್ಷೆಗೆ ಇನ್ನೊಂದು ದಾರಿ

ಅಪ್ಪ ಡಬ್ಬದ ಹತ್ತಿರ ಹೋಗುವ ಮೊದಲು ತಮ್ಮ ಫೋನನ್ನು ಚಾರ್ಜಿಂಗ್ ವೈರಿನಿಂದ ತಂಗಿಯ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರು. ಫೋನಿನ ಸೆಟ್ಟಿಂಗ್ಸ್‌ನಲ್ಲಿ USB tethering ಆನ್ ಮಾಡಲು ನನಗೆ ಹೇಳಿದರು. ಕೆಟ್ಟದ್ದು ಸರಿಯಾಗದೇ ಹೋದರೂ ಪರೀಕ್ಷೆ ನಿಲ್ಲಬಾರದು ಅನ್ನುವುದು ಅವರ ಲೆಕ್ಕ.

ಹಾಟ್‌ಸ್ಪಾಟ್‌ಗಿಂತ ವೈರೇ ಒಳ್ಳೆಯದು. ಫೋನ್ ಚಾರ್ಜ್ ಆಗುತ್ತಲೇ ಇರುತ್ತದೆ, ಸಂಪರ್ಕವೂ ತಪ್ಪುವುದಿಲ್ಲ. ಆದರೆ ಡೇಟಾ ಎಷ್ಟು ಉಳಿದಿದೆ ಅಂತ ನೋಡಿಕೊಳ್ಳಿ. ಕ್ಯಾಮೆರಾ ಇರುವ ಪರೀಕ್ಷೆ ಸೆಕೆಂಡಿಗೆ 1 ಮೆಗಾಬಿಟ್ ಬಳಸಿದರೂ ಗಂಟೆಗೆ ಸುಮಾರು 450 ಎಂಬಿ ಆಗುತ್ತದೆ. ಒಂದೂವರೆ ಗಂಟೆಗೆ 700 ಎಂಬಿ ಹತ್ತಿರ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದರೆ ಸಾಕು, ಆದರೆ ಬೆಳಿಗ್ಗೆಯೇ ವಿಡಿಯೊ ನೋಡಿ ಅರ್ಧ ಖಾಲಿ ಮಾಡಿದ ಫೋನ್ ಬೇಡ. ಫೋನನ್ನು ಡು ನಾಟ್ ಡಿಸ್ಟರ್ಬ್‌ಗೆ ಹಾಕಿಬಿಡಿ.

ಮುಟ್ಟುವ ಮೊದಲು ದೀಪ ಓದಿ

ಜಾಸ್ತಿ ಎಡವಟ್ಟಾಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ವೈಫೈ ಕನೆಕ್ಟ್ ಆಗಿಯೇ ಇತ್ತು, ಸಿಗ್ನಲ್ ತುಂಬಿತ್ತು. ಆದರೂ "No internet" ಅಂತ ತೋರಿಸುತ್ತಿತ್ತು. ಅಂದರೆ ವೈಫೈ ಕೆಟ್ಟಿರಲಿಲ್ಲ. ವೈಫೈ ಅಂದರೆ ಲ್ಯಾಪ್‌ಟಾಪ್‌ನಿಂದ ಡಬ್ಬದವರೆಗಿನ ದಾರಿ ಅಷ್ಟೇ. ಡಬ್ಬದಿಂದ ಆಚೆಗೆ ಫೈಬರ್ ಎಳೆಯ ದಾರಿ. ಎಲ್ಲಿ ಕಡಿದಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಗುರುತಿಸಲು ಲ್ಯಾಪ್‌ಟಾಪ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಎರಡು ಸಾಲು ಟೈಪ್ ಮಾಡಿದರೆ ಸಾಕು:

```
ping 192.168.1.1
ping 8.8.8.8
```

ಮೊದಲನೆಯದು ಡಬ್ಬದ ವಿಳಾಸ. ನಿಮ್ಮದು ಬೇರೆ ಇರಬಹುದು, `ipconfig` ಕೊಟ್ಟರೆ Default Gateway ಎದುರು ಕಾಣುತ್ತದೆ. ಎರಡನೆಯದು ಹೊರಗಿನದು. ಫೋನ್ ವೈರನ್ನು ಒಂದು ಕ್ಷಣ ಕಿತ್ತು ನೋಡಿ, ಇಲ್ಲದಿದ್ದರೆ ಫೋನಿನ ನೆಟ್ಟೇ ಉತ್ತರ ಕೊಟ್ಟುಬಿಡುತ್ತದೆ. ನಮ್ಮಲ್ಲಿ ಮೊದಲನೆಯದಕ್ಕೆ ಉತ್ತರ ಬಂತು, ಎರಡನೆಯದಕ್ಕೆ ಬರಲಿಲ್ಲ. ಅಂದರೆ ಡಬ್ಬದವರೆಗಿನ ದಾರಿ ಸರಿ ಇದೆ, ಅದರಾಚೆಗಿನದು ಕಡಿದಿದೆ.

ಅಪ್ಪನಿಗೆ ಇದೂ ಬೇಕಿರಲಿಲ್ಲ. ಅವರು ಬಗ್ಗಿ ಡಬ್ಬದ ದೀಪ ನೋಡಿದರು. "ಎಲ್‌ಒಎಸ್ ಅಂತ ಬರೆದಿದ್ಯಲ್ಲ, ಅದು ಕೆಂಪಗೆ ಮಿನುಗ್ತಿದೆ. ಪಿಒಎನ್ ದೀಪ ಆರಿದೆ. ಬೆಳಕೇ ಬರ್ತಿಲ್ಲ ಕಣೋ."

ಎಲ್‌ಒಎಸ್ ಅಂದರೆ ಲಾಸ್ ಆಫ್ ಸಿಗ್ನಲ್. ಫೈಬರ್ ಒಳಗೆ ಹರಿಯುವುದು ಕರೆಂಟ್ ಅಲ್ಲ, ಬೆಳಕು. ಆ ಬೆಳಕು ಡಬ್ಬಕ್ಕೆ ಮುಟ್ಟದಿದ್ದಾಗ ಈ ದೀಪ ಕೆಂಪಾಗುತ್ತದೆ. ಪಿಒಎನ್ ದೀಪ ಹಸಿರಾಗಿ ನಿಂತಿದ್ದರೆ ಡಬ್ಬಕ್ಕೂ ಕಂಪನಿಯ ಯಂತ್ರಕ್ಕೂ ಸಂಪರ್ಕ ಇದೆ ಅಂತ. ಆಗ ರೀಸ್ಟಾರ್ಟ್ ಮಾಡಿದರೂ ಪ್ರಯೋಜನವಿಲ್ಲ, ಸುಮ್ನೆ ಎರಡು ಮೂರು ನಿಮಿಷ ಹಾಳು. ಲ್ಯಾಪ್‌ಟಾಪ್‌ನಲ್ಲಿ ಏನು ಮಾಡಿದರೂ ಅಷ್ಟೇ. ಅಂಗಡಿಯವರು ಕೊಡುವ ವೈಫೈ ಬೂಸ್ಟರ್ ಕೂಡ ಇಲ್ಲಿ ಕೆಲಸಕ್ಕೆ ಬಾರದು. ಡಬ್ಬದಲ್ಲೇ ನೆಟ್ ಇಲ್ಲದಿದ್ದರೆ ಅದು ಹಿಗ್ಗಿಸುವುದಾದರೂ ಏನನ್ನು? ಅದಕ್ಕೆ ಕೊಡುವ ದುಡ್ಡಿಗೆ ಒಂದು ಒಳ್ಳೆಯ ಲ್ಯಾನ್ ಕೇಬಲ್ ಕೊಳ್ಳಿ.

ಎಲ್‌ಒಎಸ್ ಆರಿದ್ದು, ಪಿಒಎನ್ ಹಸಿರಾಗಿ ನಿಂತಿದ್ದು, ಇಂಟರ್ನೆಟ್ ದೀಪ ಮಾತ್ರ ಇಲ್ಲದಿದ್ದರೆ ಕಥೆ ಬೇರೆ. ಆಗ ಒಮ್ಮೆ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಬಿಲ್ ಕಟ್ಟಿದ್ದೀರಾ ಅಂತಲೂ ನೋಡಿ.

ಎಳೆಯ ಜಾಡು ಹಿಡಿಯುವುದು

ಕರೆಂಟ್ ಹೋದರೆ ಕಂಬ ಹತ್ತುವ ಮೊದಲು ಮನೆಯ ಫ್ಯೂಸ್ ನೋಡಬೇಕು, ಇದು ಅಪ್ಪನ ಹಳೆಯ ಅಭ್ಯಾಸ. ಇಲ್ಲೂ ಅದನ್ನೇ ಮಾಡಿದರು. ಡಬ್ಬದ ಹಿಂದಿನ ಹಸಿರು ಮೂತಿಯಿಂದ ಶುರು ಮಾಡಿ, ಹಳದಿ ಎಳೆಯ ಮೇಲೆ ಎರಡು ಬೆರಳು ಸಡಿಲವಾಗಿ ಓಡಿಸುತ್ತಾ ಗೋಡೆಯ ಕಡೆ ಹೋದರು. ಎಳೆಯಲಿಲ್ಲ, ಜಗ್ಗಲಿಲ್ಲ. ಟೇಬಲ್ ಹತ್ತಿರ ಬೆರಳು ನಿಂತಿತು.

ಹಿಂದಿನ ರಾತ್ರಿ ನಾವೇ ಆ ಟೇಬಲ್ ಸರಿಸಿದ್ದೆವು. ಪರೀಕ್ಷೆ ಬರೆಯುವವರ ಬೆನ್ನ ಹಿಂದೆ ಕಿಟಕಿ ಇರಬಾರದು ಅಂತ ನಿಯಮದಲ್ಲಿ ಬರೆದಿತ್ತು. ಟೇಬಲಿನ ಹಿಂದಿನ ಹಲಗೆ ಎಳೆಯನ್ನು ಗೋಡೆಗೆ ಒತ್ತಿ ಹಿಡಿದಿತ್ತು. ಅಲ್ಲಿ ಅದು ಕಾಗದ ಮಡಚಿದ ಹಾಗೆ ಮಡಚಿಕೊಂಡಿತ್ತು. ರಾತ್ರಿ ನೆಟ್ ಇತ್ತು. ಬೆಳಿಗ್ಗೆ ತಂಗಿ ಕುಳಿತು ಟೇಬಲಿಗೆ ಮೊಣಕೈ ಊರಿದಾಗ ಅದು ಇನ್ನೊಂದು ಬೆರಳಿನಷ್ಟು ಹಿಂದೆ ಹೋಯಿತು, ಅಷ್ಟೇ.

ಫೈಬರ್ ಒಳಗಿರುವುದು ಗಾಜಿನ ಎಳೆ. ದಪ್ಪ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಅದರೊಳಗೆ ಪುಟಿಯುತ್ತಾ ಹೋಗುತ್ತದೆ. ನಿಧಾನವಾಗಿ ಬಾಗಿದರೆ ಬೆಳಕೂ ಜೊತೆಗೆ ತಿರುಗುತ್ತದೆ. ಚೂಪಾಗಿ ಮಡಚಿದರೆ ತಿರುವಿನಲ್ಲಿ ಹೊರಗೆ ಸೋರಿಹೋಗುತ್ತದೆ. ಎಷ್ಟು ಬಾಗಿಸಬಹುದು? ನಾನು ಎಲ್ಲರಿಗೂ ಹೇಳುವ ಅಳತೆ ಬಳೆಯದು. ಟೂ ಸಿಕ್ಸ್ ಸೈಜಿನ ಬಳೆಯ ಒಳಗಿನ ಅಗಲ ಸುಮಾರು 6 ಸೆಂಟಿಮೀಟರ್. ಎಳೆ ಅದಕ್ಕಿಂತ ಚಿಕ್ಕದಾಗಿ ಸುತ್ತಬಾರದು. ಈಗಿನ ಕೆಲವು ಎಳೆಗಳು ಇನ್ನೂ ಚಿಕ್ಕ ಸುತ್ತನ್ನು ತಡೆದುಕೊಳ್ಳುತ್ತವೆ. ಆದರೆ ನಿಮ್ಮ ಮನೆಗೆ ಯಾವುದನ್ನು ಹಾಕಿದ್ದಾರೆ ಅಂತ ನೋಡಿ ಹೇಳುವುದು ಕಷ್ಟ. ಬಳೆ ಅಳತೆಯನ್ನೇ ಹಿಡಿಯಿರಿ.

ಅಪ್ಪ ನನಗೆ ಟೇಬಲಿನ ಒಂದು ತುದಿ ಹಿಡಿಯಲು ಹೇಳಿದರು. ದೂಡಲಿಲ್ಲ, ಎತ್ತಿ ಈಚೆ ಇಟ್ಟೆವು. ದೂಡಿದ್ದರೆ ಕಾಲಿಗೆ ಸಿಕ್ಕಿ ಎಳೆ ಕಿತ್ತುಬರುತ್ತಿತ್ತು. ಮಡಚಿದ ಜಾಗವನ್ನು ಉಗುರಿನಿಂದ ತೀಡಿ ನೇರ ಮಾಡಲು ಹೋಗಲಿಲ್ಲ. ತಾನಾಗಿ ಬಿಡಿಸಿಕೊಳ್ಳಲು ಬಿಟ್ಟರು. ಎಳೆಯ ಮೈಮೇಲೆ ಬಿಳಿ ಗೆರೆ ಉಳಿಯಿತು.

ಕೆಂಪು ದೀಪ ಆರಿತು. ಆದರೆ ಒಂದೆರಡು ಸೆಕೆಂಡಿನಲ್ಲಿ ಮತ್ತೆ ಮಿನುಗಿತು.

"ಒಳಗೆ ಮುರಿದೋಯ್ತಾ ಅಪ್ಪ?" ತಂಗಿಯ ಧ್ವನಿ ನಡುಗುತ್ತಿತ್ತು. ಗಂಟೆ 9.31.

"ಎಳೆದಾಗ ಮೂತೀನೂ ಸಡಿಲ ಆಗಿರತ್ತೆ, ತಾಳು."

ಹಸಿರು ಮೂತಿ ಮುಟ್ಟುವಾಗ ಮೂರು ವಿಷಯ ನೆನಪಿಡಿ. ವೈರ್ ಹಿಡಿದು ಎಳೆಯಬೇಡಿ, ಹಸಿರು ಮೈಯನ್ನೇ ಹಿಡಿಯಿರಿ. ಬಿಚ್ಚಿದ ತುದಿಯನ್ನು ಕಣ್ಣಿನ ನೇರ ತರಬೇಡಿ. ಒಳಗಿನ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಹಾಗಾಗಿ ನೋಡಿ ತಿಳಿಯುವುದೂ ಏನಿಲ್ಲ. ತುದಿಯ ಬಿಳಿ ಮೊಳೆಯನ್ನು ಬೆರಳಿನಿಂದ ಮುಟ್ಟಬೇಡಿ, ಬಾಯಿಂದ ಊದಬೇಡಿ, ಅಂಗಿಗೆ ಒರೆಸಬೇಡಿ. ಬೆಳಕು ಹೋಗುವ ಕಿಂಡಿ ಕೂದಲಿಗಿಂತ ಎಷ್ಟೋ ಸಣ್ಣದು. ಬೆರಳಿನ ಜಿಡ್ಡೇ ಅದನ್ನು ಮುಚ್ಚಿಬಿಡುತ್ತದೆ.

ಅಪ್ಪ ಪೂರ್ತಿ ಬಿಚ್ಚಲೂ ಇಲ್ಲ. ಡಬ್ಬವನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಹಸಿರು ಮೂತಿಯನ್ನು ನೇರ ಒತ್ತಿದರು. ಟಕ್ ಅಂತ ಸದ್ದು ಬಂತು. ಆ ಸದ್ದು ಬರಲೇಬೇಕು. ಬರದಿದ್ದರೆ ಅದು ಕೂತಿಲ್ಲ.

ಕೆಂಪು ಹೋಯಿತು. ಪಿಒಎನ್ ಹಸಿರಾಗಿ ಮಿನುಗತೊಡಗಿತು. ಮಿನುಗುವಾಗ ಏನೂ ಮಾಡಬಾರದು. ಡಬ್ಬ ಆಗ ಕಂಪನಿಯ ಯಂತ್ರದ ಜೊತೆ ತನ್ನ ಗುರುತು ಹೇಳಿಕೊಳ್ಳುತ್ತಿರುತ್ತದೆ. ಎಷ್ಟೋ ಜನ ಈ ಹೊತ್ತಿನಲ್ಲೇ ತಾಳ್ಮೆಗೆಟ್ಟು ಸ್ವಿಚ್ ಆರಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಅಪ್ಪ ತಂಗಿಗೆ ಹಾಲ್ ಟಿಕೆಟ್ ಮತ್ತು ಗುರುತಿನ ಚೀಟಿ ಎತ್ತಿಟ್ಟುಕೊಳ್ಳಲು ಹೇಳಿದರು. ಅವಳು ತರುವಷ್ಟರಲ್ಲಿ ಪಿಒಎನ್ ನಿಂತಿತ್ತು. 9.35ಕ್ಕೆ ಇಂಟರ್ನೆಟ್ ದೀಪವೂ ಬಂತು.

ಇಷ್ಟು ಮಾಡಿದರೂ ಕೆಂಪು ಹೋಗದಿದ್ದರೆ ಎಳೆ ಒಳಗೇ ಮುರಿದಿರಬಹುದು, ಇಲ್ಲವೇ ಹೊರಗೆ ರಸ್ತೆಯಲ್ಲಿ ಕಡಿದಿರಬಹುದು. ಆಗ ರಿಪೇರಿ ಬಿಟ್ಟು ಫೋನಿನ ನೆಟ್‌ನಲ್ಲೇ ಪರೀಕ್ಷೆ ಬರೆಯಿರಿ. ಕಂಪನಿಗೆ ಫೋನ್ ಮಾಡಿ "ನೆಟ್ ಇಲ್ಲ" ಅನ್ನುವ ಬದಲು "ಎಲ್‌ಒಎಸ್ ಕೆಂಪಾಗಿದೆ" ಎಂದು ಹೇಳಿ. ಲೈನ್ ನೋಡುವವರನ್ನೇ ಕಳಿಸಬೇಕು ಅಂತ ಅವರಿಗೆ ತಕ್ಷಣ ತಿಳಿಯುತ್ತದೆ. ಡಬ್ಬದ ಎಳೆಯನ್ನು ನೀವೇ ಕೊಂಡು ಬದಲಿಸುವುದಾದರೆ ತುದಿಯ ಬಣ್ಣ ನೋಡಿ. ಹಸಿರು ಇದ್ದ ಕಡೆ ನೀಲಿ ಮೂತಿಯದ್ದು ಹಾಕಬೇಡಿ. ತೂರುತ್ತದೆ, ಆದರೆ ಹಸಿರಿನದ್ದನ್ನು ತುದಿಯಲ್ಲಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದ್ದನ್ನು ಹಾಗೆ ಉಜ್ಜಿರುವುದಿಲ್ಲ. ಎರಡೂ ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ.

ಕೂರುವ ಮುನ್ನ

ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಹಾಕಿದೆವು. ಪರೀಕ್ಷೆಗೆ ವೈಫೈ ಬೇಡ ಅನ್ನುವುದು ನನ್ನ ಹಟ. ಫೋನಿನ ವೈರ್ ತೆಗೆದು ಪಕ್ಕದಲ್ಲೇ ಇಟ್ಟೆವು. ಎರಡು ನೆಟ್ ಒಟ್ಟಿಗೆ ಇದ್ದರೆ ಲ್ಯಾಪ್‌ಟಾಪ್ ಮಧ್ಯದಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಬಹುದು. ಆಗ ವಿಳಾಸ ಬದಲಾಗಿ ಪರೀಕ್ಷೆಯ ತಾಣ ಹೊರಗೆ ಹಾಕುವ ಸಾಧ್ಯತೆ ಇದೆ. ಒಂದನ್ನು ಹಿಡಿದು ಲಾಗಿನ್ ಆಗಿ, ಅದರಲ್ಲೇ ಇರಿ. 9.48ಕ್ಕೆ ತಂಗಿ ಲಾಗಿನ್ ಆದಳು.

ಹನ್ನೊಂದೂವರೆಗೆ ಅವಳು ಬಾಗಿಲು ತೆಗೆದಾಗ ಅಪ್ಪ ಎರಡು ಮರದ ತುಂಡು ಕೊಯ್ದು ಕಾಯುತ್ತಿದ್ದರು. ಟೇಬಲಿನ ಹಿಂದಿನ ಕಾಲುಗಳಿಗೂ ಗೋಡೆಗೂ ನಡುವೆ ಅವನ್ನಿಟ್ಟರು, ನಾಲ್ಕು ಬೆರಳು ಜಾಗ ಉಳಿಯಿತು. ಹೆಚ್ಚಾಗಿದ್ದ ಹಳದಿ ಎಳೆಯನ್ನು ಅಮ್ಮನ ಬಳೆಯೊಂದರ ಸುತ್ತ ಸಡಿಲವಾಗಿ ಸುತ್ತಿ, ಬಳೆ ತೆಗೆದು, ಹಳೆಯ ಬಟ್ಟೆಯ ಪಟ್ಟಿಯಿಂದ ಕಟ್ಟಿ ಮೊಳೆಗೆ ತೂಗುಹಾಕಿದರು.