ಐವತ್ತು ಷೇರು ಕೊಂಡರೂ ಮೂರೇ ಷೇರಿನ ರಕ್ಷಣೆ: ಮಾರುಕಟ್ಟೆಯ ಹಿಡಿತವನ್ನು ಅಳೆಯುವುದು ಹೇಗೆ?

ಮಾರುಕಟ್ಟೆ ಕುಸಿದ ದಿನ ಪಟ್ಟಿಯಲ್ಲಿರುವ ಬ್ಯಾಂಕು, ಔಷಧ, ಉಕ್ಕು, ಸಾಫ್ಟ್‌ವೇರ್ ಎಲ್ಲವೂ ಒಟ್ಟಿಗೆ ಕೆಂಪಾಗುತ್ತವೆ. ಬೇರೆ ಬೇರೆ ಉದ್ಯಮಗಳಲ್ಲಿ ಹಣ ಹಂಚಿದವರಿಗೆ ಆ ಹಂಚಿಕೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಕೊಡುವ ಸಂಖ್ಯೆಯೊಂದಿದೆ. ಷೇರುಗಳ ಸಹಸಂಬಂಧ ಮಾತೃಕೆಯ ಅತಿ ದೊಡ್ಡ ಐಗನ್ ಮೌಲ್ಯವೇ ಅದು. ಷೇರುಗಳೆಲ್ಲ ಒಟ್ಟಾಗಿ ಸಾಗುವ ಚಲನೆ ಎಷ್ಟು ಬಲವಾಗಿದೆ ಎಂದು ಅದು ಹೇಳುತ್ತದೆ. ಹೆಸರು ಭಾರವಾದರೂ ಲೆಕ್ಕ ಹಗುರ.

ಮೊದಲು ಮಾತೃಕೆ

50 ಷೇರುಗಳ 250 ದಿನಗಳ ಮುಕ್ತಾಯದ ಬೆಲೆ ತೆಗೆದುಕೊಳ್ಳಿ. ಬೆಲೆಗಳನ್ನೇ ಹೋಲಿಸಬಾರದು, ದಿನದಿಂದ ದಿನಕ್ಕೆ ಆದ ಬದಲಾವಣೆಯನ್ನು, ಅಂದರೆ ಪ್ರತಿಫಲವನ್ನು ಹೋಲಿಸಬೇಕು. ಪ್ರತಿ ಎರಡು ಷೇರುಗಳ ಪ್ರತಿಫಲ ಎಷ್ಟರ ಮಟ್ಟಿಗೆ ಜೊತೆಯಾಗಿ ಸಾಗಿತು ಎಂಬುದನ್ನು -1ರಿಂದ 1ರ ನಡುವಿನ ಸಂಖ್ಯೆಯಾಗಿ ಬರೆದರೆ 50 ಸಾಲು, 50 ಕಂಬಸಾಲಿನ ಕೋಷ್ಟಕ ಸಿಗುತ್ತದೆ. ಪ್ರತಿ ಷೇರಿಗೂ ತನ್ನೊಂದಿಗೆ ಸಹಸಂಬಂಧ 1. ಆದ್ದರಿಂದ ಕರ್ಣದ ಮೊತ್ತ 50, ಎಲ್ಲ ಐಗನ್ ಮೌಲ್ಯಗಳ ಮೊತ್ತವೂ 50. ಈ 50ರಲ್ಲಿ ದೊಡ್ಡಣ್ಣನ ಪಾಲು ಎಷ್ಟು ಎಂಬುದೇ ನಮ್ಮ ಪ್ರಶ್ನೆ.

```python
import numpy as np, pandas as pd
p = pd.read_csv("prices.csv", index_col=0)
r = np.log(p).diff().dropna()
C = r.corr().values
w, V = np.linalg.eigh(C)
v = V[:, -1] * np.sign(V[:, -1].sum())
print(w[-1], w[-1] / len(w))
```

`eigh` ಮೌಲ್ಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವುದರಿಂದ ನಮಗೆ ಬೇಕಾದದ್ದು ಕೊನೆಯದು. ಅದರ ಜೊತೆಗೆ ಬರುವ ಐಗನ್ ಸದಿಶ `v`, ಪ್ರತಿ ಷೇರು ಈ ಸಾಮೂಹಿಕ ಚಲನೆಯಲ್ಲಿ ಎಷ್ಟು ಪಾಲು ಹೊತ್ತಿದೆ ಎಂದು ಹೇಳುತ್ತದೆ. ಕೆಲವೊಮ್ಮೆ ಅದರ ಎಲ್ಲ ಅಂಕಿಗಳೂ ಋಣವಾಗಿ ಬರುತ್ತವೆ. ಚಿಹ್ನೆಗೆ ಗಣಿತದಲ್ಲಿ ಅರ್ಥವಿಲ್ಲ, ತಿರುಗಿಸಿಕೊಂಡರಾಯಿತು. ಸದಿಶದ ಬಹುತೇಕ ಅಂಕಿಗಳು ಒಂದೇ ಚಿಹ್ನೆಯವಾಗಿದ್ದು, ಗಾತ್ರದಲ್ಲೂ ಹತ್ತಿರ ಹತ್ತಿರ ಇದ್ದರೆ ಮಾತ್ರ ಅದನ್ನು 'ಮಾರುಕಟ್ಟೆ' ಎಂದು ಕರೆಯಬಹುದು.

ಇದು ಕಾಕತಾಳೀಯವೇ?

ಪರಸ್ಪರ ಸಂಬಂಧವೇ ಇಲ್ಲದ 50 ಷೇರುಗಳನ್ನು 250 ದಿನ ನೋಡಿದರೂ ಆಕಸ್ಮಿಕವಾಗಿ ಒಂದಿಷ್ಟು ಸಹಸಂಬಂಧ ಕಾಣುತ್ತದೆ. ಅಂಥ ಗದ್ದಲ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಮಾರ್ಚೆಂಕೊ ಮತ್ತು ಪಾಸ್ತುರ್ 1967ರಲ್ಲಿ ಕೊಟ್ಟ ಸೂತ್ರವಿದೆ: (1 + √(N/T))². ಇಲ್ಲಿ N ಷೇರುಗಳ ಸಂಖ್ಯೆ, T ದಿನಗಳ ಸಂಖ್ಯೆ. ನಮ್ಮ ಲೆಕ್ಕಕ್ಕೆ ಅದು ಸುಮಾರು 2.1. ಇದಕ್ಕಿಂತ ಚಿಕ್ಕ ಐಗನ್ ಮೌಲ್ಯಗಳನ್ನು ನಂಬಿ ಕಥೆ ಕಟ್ಟುವುದು ಅಪಾಯ. ದೊಡ್ಡ ಮೌಲ್ಯದ ವಿಷಯದಲ್ಲಿ ಈ ಅನುಮಾನ ಉಳಿಯುವುದಿಲ್ಲ. 1999ರಲ್ಲಿ ಫ್ರಾನ್ಸ್‌ನ ಭೌತವಿಜ್ಞಾನಿ ಜಾನ್-ಫಿಲಿಪ್ ಬೂಶೊ ಮತ್ತು ಸಂಗಡಿಗರು ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕದ 406 ಷೇರುಗಳನ್ನು ಪರೀಕ್ಷಿಸಿದಾಗ ಅತಿ ದೊಡ್ಡ ಮೌಲ್ಯವು ಗದ್ದಲದ ಮಿತಿಗಿಂತ ಸುಮಾರು 25 ಪಟ್ಟು ಮೇಲಿತ್ತು.

ಸಂಖ್ಯೆಯ ಅರ್ಥ

ಲೆಕ್ಕ ಸುಲಭವಾಗಲೆಂದು ಪ್ರತಿ ಜೋಡಿಯ ಸಹಸಂಬಂಧವೂ 0.3, ಪ್ರತಿ ಷೇರಿನ ವಾರ್ಷಿಕ ಏರಿಳಿತವೂ, ಅಂದರೆ ಪ್ರತಿಫಲದ ಮಾನಕ ವಿಚಲನೆಯೂ, ಶೇ 30 ಎಂದುಕೊಳ್ಳೋಣ. ಆಗ ಅತಿ ದೊಡ್ಡ ಐಗನ್ ಮೌಲ್ಯ 1 + 49 × 0.3, ಅಂದರೆ 15.7. ಒಟ್ಟು 50ರಲ್ಲಿ ಇದು ಶೇ 31.4. ಸರಾಸರಿ ಷೇರಿನ ಏರಿಳಿತದ ವರ್ಗದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಮಾರುಕಟ್ಟೆಯದು, ಉಳಿದದ್ದು ಆ ಷೇರಿನ ಸ್ವಂತದ್ದು. ಇಷ್ಟಕ್ಕೆ ನಿಂತರೆ ಮಾರುಕಟ್ಟೆಯ ಹಿಡಿತ ಅಂಥದ್ದೇನಲ್ಲ ಎನಿಸಬಹುದು.

ಆದರೆ 50 ಷೇರುಗಳಲ್ಲೂ ಸಮವಾಗಿ ಹಣ ಹೂಡಿದಾಗ ಸ್ವಂತ ಭಾಗಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಮಾರುಕಟ್ಟೆಯ ಭಾಗ ಹಾಗೇ ಉಳಿಯುತ್ತದೆ. ಪೋರ್ಟ್‌ಫೋಲಿಯೊ ಏರಿಳಿತ 30 × √0.314, ಅಂದರೆ ಶೇ 16.8. ಈಗ ಷೇರುಗಳನ್ನು 500ಕ್ಕೆ ಏರಿಸಿ. ಐಗನ್ ಮೌಲ್ಯ 150.7ಕ್ಕೆ ಜಿಗಿಯುತ್ತದೆ, ಆದರೆ ಅದರ ಪಾಲು ಶೇ 30.1ರಲ್ಲೇ ಇರುತ್ತದೆ. ಏರಿಳಿತ ಶೇ 16.5. ಹತ್ತು ಪಟ್ಟು ಷೇರು ಕೊಂಡು ಉಳಿಸಿದ್ದು ಬರೇ 0.3! ಹತ್ತೇ ಷೇರುಗಳಿದ್ದಾಗಲೂ ಅದು ಶೇ 18.2 ಇತ್ತು. ಐಗನ್ ಮೌಲ್ಯವನ್ನಷ್ಟೇ ನೋಡಿ ಗಾಬರಿಯಾಗಬಾರದೆನ್ನುವುದು ಇದಕ್ಕೇ. ಷೇರುಗಳ ಸಂಖ್ಯೆಯಿಂದ ಭಾಗಿಸಿದ ಪಾಲನ್ನು ನೋಡಬೇಕು.

ಇದನ್ನೇ ತಿರುಗಿಸಿ ನೋಡಿದರೆ ಮಾತು ಇನ್ನೂ ಚುರುಕಾಗುತ್ತದೆ. 50ನ್ನು 15.7ರಿಂದ ಭಾಗಿಸಿ: 3.2. ಪರಸ್ಪರ ಸಂಬಂಧವೇ ಇಲ್ಲದ ಮೂರು ಚಿಲ್ಲರೆ ಷೇರುಗಳು ಕೊಡುತ್ತಿದ್ದ ರಕ್ಷಣೆಯನ್ನಷ್ಟೇ ಈ ಐವತ್ತು ಷೇರುಗಳು ಕೊಡುತ್ತಿವೆ. ಆತಂಕದ ದಿನಗಳಲ್ಲಿ ಸಹಸಂಬಂಧ 0.6ಕ್ಕೆ ಏರಿತೆನ್ನಿ. ಐಗನ್ ಮೌಲ್ಯ 30.4, ರಕ್ಷಣೆ 1.6 ಷೇರುಗಳಷ್ಟು. ಅಂಥ ದಿನಗಳಲ್ಲಿ ಒಂದೊಂದು ಷೇರಿನ ಏರಿಳಿತವೂ ಸುಮ್ಮನಿರುವುದಿಲ್ಲ. ಅದು ಶೇ 45 ಆದರೆ ಪೋರ್ಟ್‌ಫೋಲಿಯೊ ಏರಿಳಿತ ಶೇ 35ಕ್ಕೆ ಮುಟ್ಟುತ್ತದೆ, ಮೊದಲಿನ ಎರಡು ಪಟ್ಟಿಗೂ ಹೆಚ್ಚು. ಸಹಸಂಬಂಧ ಮಾತೃಕೆ ಈ ಎರಡನೆಯ ಏರಿಕೆಯನ್ನು ಕಾಣುವುದೇ ಇಲ್ಲ, ಏಕೆಂದರೆ ಅದು ಪ್ರತಿ ಷೇರನ್ನೂ ಅದರದೇ ಏರಿಳಿತದಿಂದ ಭಾಗಿಸಿಕೊಂಡಿರುತ್ತದೆ. ಎರಡನ್ನೂ ಜೊತೆಗಿಟ್ಟುಕೊಂಡೇ ಓದಬೇಕು.

ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಮಾರುಕಟ್ಟೆಯ ಪಾಲು

ಎಲ್ಲರೂ ಸಮವಾಗಿ ಹೂಡುವುದಿಲ್ಲವಷ್ಟೆ. `a` ಎಂಬುದರಲ್ಲಿ ಪ್ರತಿ ಷೇರಿನಲ್ಲಿ ನೀವು ಹೂಡಿದ ಪಾಲನ್ನು ಅದೇ ಅನುಕ್ರಮದಲ್ಲಿಟ್ಟು, ಇಲ್ಲದ ಷೇರಿಗೆ ಸೊನ್ನೆ ಹಾಕಿ ಹೀಗೆ ಲೆಕ್ಕ ಮಾಡಿ:

```python
y = a * r.std().values
print(w[-1] * (v @ y)**2 / (y @ C @ y))
```

ಮೇಲಿನ ಉದಾಹರಣೆಯ 50ರಲ್ಲಿ ಹತ್ತನ್ನು ಮಾತ್ರ ಸಮವಾಗಿ ಇಟ್ಟುಕೊಂಡವರಿಗೆ ಉತ್ತರ 0.85 ಬರುತ್ತದೆ. ಅವರ ಅಪಾಯದಲ್ಲಿ ಶೇ 85 ಮಾರುಕಟ್ಟೆಯದು. ಹೆಚ್ಚು ಷೇರು ಕೊಂಡು ಕರಗಿಸಬಹುದಾದದ್ದು ಉಳಿದ ಶೇ 15 ಮಾತ್ರ. ಅದರಾಚೆಗೆ ಅಪಾಯ ತಗ್ಗಬೇಕಾದರೆ ಷೇರಿನಲ್ಲಿಟ್ಟ ಹಣವನ್ನೇ ಕಡಿಮೆ ಮಾಡಬೇಕು, ಇಲ್ಲವೇ ಸೂಚ್ಯಂಕದ ಫ್ಯೂಚರ್ಸ್ ಮಾರಬೇಕು. ಎರಡನೆಯ ದಾರಿ ಪೂರ್ತಿ ಕೆಲಸ ಮಾಡುವುದಿಲ್ಲ. ಬಹುತೇಕ ಸೂಚ್ಯಂಕಗಳಲ್ಲಿ ದೊಡ್ಡ ಕಂಪನಿಗಳ ತೂಕ ಹೆಚ್ಚು, `v`ಯಲ್ಲಿ ತೂಕ ಹೆಚ್ಚು ಸಮವಾಗಿ ಹರಡಿರುತ್ತದೆ. ಆ ವ್ಯತ್ಯಾಸ ನಿಮ್ಮ ತಲೆಯ ಮೇಲೆಯೇ ಉಳಿಯುತ್ತದೆ.

ಲೆಕ್ಕ ಎಡವುವ ಜಾಗಗಳು

ಅತಿ ದೊಡ್ಡ ಐಗನ್ ಮೌಲ್ಯ ಎಂದಿಗೂ 1 + (N - 1) × ಸರಾಸರಿ ಸಹಸಂಬಂಧಕ್ಕಿಂತ ಕಡಿಮೆ ಬರಲಾರದು. ಬಂದರೆ ಸಾಲುಗಳು ಅದಲುಬದಲಾಗಿವೆ ಎಂದೋ, ತಪ್ಪು ಮೌಲ್ಯ ಆರಿಸಿದ್ದೀರಿ ಎಂದೋ ತಿಳಿಯಿರಿ. ಇನ್ನೊಂದು ತುದಿಯಲ್ಲಿ ಅತಿ ಚಿಕ್ಕ ಮೌಲ್ಯ ಸ್ಪಷ್ಟವಾಗಿ ಋಣವಾಗಿದ್ದರೆ, ಬಿಟ್ಟುಹೋದ ದಿನಗಳಿಂದಾಗಿ ಒಂದೊಂದು ಜೋಡಿಯನ್ನು ಒಂದೊಂದು ದಿನಗುಚ್ಛದಲ್ಲಿ ಲೆಕ್ಕ ಹಾಕಿದ್ದೀರಿ. ಮೇಲಿನ `dropna` ಇರುವುದು ಅದಕ್ಕೆ. ಬೇರೆ ಬೇರೆ ಹೊತ್ತಿಗೆ ಮುಚ್ಚುವ ಮಾರುಕಟ್ಟೆಗಳ ಷೇರುಗಳನ್ನು ಬೆರೆಸಿದರೆ ಸಹಸಂಬಂಧ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಅಲ್ಲಿ ವಾರದ ಪ್ರತಿಫಲ ಬಳಸುವುದು ಮೇಲು.

ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವುದು ಜಾರುವ ಕಿಟಕಿ. ಪ್ರತಿದಿನ ಹಿಂದಿನ 250 ದಿನಗಳನ್ನು ತೆಗೆದುಕೊಂಡು ಪಾಲಿನ ನಕ್ಷೆ ಬರೆಯುವಾಗ, ಒಂದೇ ಒಂದು ಮಹಾಕುಸಿತದ ದಿನ ಒಳಬಂದ ಕೂಡಲೇ ರೇಖೆ ಮೆಟ್ಟಿಲಂತೆ ಮೇಲಕ್ಕೇರುತ್ತದೆ ಮತ್ತು ಸರಿಯಾಗಿ 250 ವಹಿವಾಟಿನ ದಿನಗಳ ನಂತರ ಮೆಟ್ಟಿಲಂತೆಯೇ ಇಳಿಯುತ್ತದೆ. ಇಳಿದ ದಿನ ಮಾರುಕಟ್ಟೆಯಲ್ಲಿ ಏನೂ ಆಗಿರುವುದಿಲ್ಲ, ಹಳೆಯ ದಿನವೊಂದು ಕಿಟಕಿಯಿಂದ ಆಚೆ ಹೋಗಿರುತ್ತದೆ, ಅಷ್ಟೇ. ಹಾಗಾಗಿ ನಕ್ಷೆಯಲ್ಲಿ ಹಠಾತ್ ಇಳಿತ ಕಂಡಾಗ 250 ದಿನ ಹಿಂದಕ್ಕೆ ಎಣಿಸಿ, ಆ ದಿನದ ಪ್ರತಿಫಲ ನೋಡಿ. ಆ ಒಂದು ದಿನವನ್ನು ಬಿಟ್ಟು ಇಡೀ ನಕ್ಷೆಯನ್ನು ಮತ್ತೆ ಬರೆದಾಗ ಮೆಟ್ಟಿಲೇ ಮಾಯವಾದರೆ, ಅಪಾಯ ತಗ್ಗಿತೆಂದು ಹೂಡಿಕೆ ಹೆಚ್ಚಿಸಲು ನಿಮಗೆ ಕಾರಣ ಸಿಕ್ಕಿಲ್ಲ.