ಎರಡು ಪುಟದ ಚಾರ್ಟರ್, ಮೂರು ವಾರದ ಜಗಳ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದೆ. ಸ್ಟೋರ್ಸ್‌ನ ಲೆಕ್ಕವನ್ನು ಪುಸ್ತಕ ಮತ್ತು ಎಕ್ಸೆಲ್‌ನಿಂದ ಇಆರ್‌ಪಿಗೆ, ಅಂದರೆ ಇಡೀ ಕಂಪನಿಯ ಲೆಕ್ಕವನ್ನು ಒಂದೇ ಕಡೆ ಇಡುವ ಸಾಫ್ಟ್‌ವೇರ್‌ಗೆ, ತರಬೇಕಿತ್ತು. ಮೊದಲ ಸಲ ಐದು ತಿಂಗಳ ಕೆಲಸ ಅಂತ ಶುರುಮಾಡಿ, ಹದಿನಾಲ್ಕು ತಿಂಗಳು ಎಳೆದು ಕೈಬಿಟ್ಟಿದ್ದೆವು. ಸಾಫ್ಟ್‌ವೇರ್‌ನಲ್ಲಿ ದೋಷ ಇರಲಿಲ್ಲ. ವಾರಕ್ಕೊಬ್ಬರು ಬಂದು "ಇದನ್ನೂ ಸೇರಿಸಿಬಿಡಿ" ಅನ್ನುತ್ತಿದ್ದರು. ಬೇಡ ಅನ್ನಲು ನನ್ನ ಹತ್ತಿರ ಏನೂ ಇರಲಿಲ್ಲ.

ಎರಡನೇ ಸಲ ಮಾಲೀಕರಿಗೆ ಹೇಳಿದೆ, "ಸಾರ್, ಮೊದಲು ಚಾರ್ಟರ್ ಬರೆಯೋಣ. ಸಹಿ ನಿಮ್ಮದು." ಚಾರ್ಟರ್ ಅಂದರೆ ಪ್ಲಾನ್ ಅಲ್ಲ. ಯಾವ ದಿನ ಯಾರು ಏನು ಮಾಡಬೇಕು ಅನ್ನುವುದು ಅದರಲ್ಲಿ ಇರುವುದಿಲ್ಲ. ಈ ಕೆಲಸ ಯಾಕೆ, ಎಲ್ಲಿಯವರೆಗೆ, ಯಾರ್‍ಯಾರಿಗೆ ಸಂಬಂಧ, ನಡೆಸುವವನಿಗೆ ಎಷ್ಟು ಅಧಿಕಾರ, ಮುಗಿದಾಗ ಗೆದ್ದೆವೋ ಸೋತೆವೋ ಅಂತ ಹೇಗೆ ನೋಡುವುದು, ಇಷ್ಟೇ. ಕರಡು ನಾನೇ ಬರೆದರೂ ಸಹಿ ದುಡ್ಡು ಕೊಡುವವರದ್ದೇ ಆಗಬೇಕು. ನನ್ನ ಅಧಿಕಾರವನ್ನು ನಾನೇ ಬರೆದು ನಾನೇ ಸಹಿ ಹಾಕಿಕೊಂಡರೆ ಯಾರು ಕೇಳುತ್ತಾರೆ?

ಕರಡು ಒಂದೇ ಸಂಜೆಯಲ್ಲಿ ಮುಗಿಯಿತು. ಸಹಿಯಾಗಲು ಮೂರು ವಾರ ಹಿಡಿಯಿತು.

ಮೊದಲು ಎಡವಿದ್ದು ವ್ಯಾಪ್ತಿಯಲ್ಲಿ. "ಒಳಗೆ" ಅಂತ ಒಂದು ಪಟ್ಟಿ, "ಹೊರಗೆ" ಅಂತ ಇನ್ನೊಂದು ಮಾಡಿದ್ದೆ. ಜಾಬ್ ವರ್ಕ್ ಮಾಲನ್ನು, ಅಂದರೆ ಪ್ಲೇಟಿಂಗ್‌ಗೂ ಹೀಟ್ ಟ್ರೀಟ್‌ಮೆಂಟ್‌ಗೂ ಹೊರಗೆ ಕಳಿಸುವ ಮಾಲನ್ನು, ಸುಲಭವಾಗಲಿ ಅಂತ ಹೊರಗಿನ ಪಟ್ಟಿಗೆ ಹಾಕಿದೆ. ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರು ಕನ್ನಡಕ ಏರಿಸಿ ಓದಿ, ಚಲನ್ ಫೈಲ್ ತಂದು ಮೇಜಿನ ಮೇಲಿಟ್ಟರು. ನಾಲ್ಕು ಬೆರಳು ದಪ್ಪ ಇತ್ತು. "ಸಾರ್, ಯಾವತ್ತು ನೋಡಿದ್ರೂ ನಮ್ಮ ಮಾಲಿನ ಮೂರರಲ್ಲಿ ಒಂದು ಪಾಲು ಹೊರಗಡೇನೇ ಇರುತ್ತೆ. ಅದನ್ನ ಬಿಟ್ಟು ಏನು ಎಣಿಸ್ತೀರ?"

ಅವರು ಹೇಳಿದ್ದು ಸರಿ. ಜಿಎಸ್‌ಟಿ ಕಾನೂನಿನಲ್ಲಿ ಜಾಬ್ ವರ್ಕ್‌ಗೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು. ಬಾರದಿದ್ದರೆ ಕಳಿಸಿದ ದಿನವೇ ಮಾರಿದ ಹಾಗೆ ಲೆಕ್ಕ. ಹಾಗಾಗಿ ಅಕೌಂಟ್ಸ್‌ನವರೂ ಅವರ ಪಕ್ಷ ಸೇರಿದರು. ಜಾಬ್ ವರ್ಕ್ ಒಳಗೆ ಬಂತು. ಅದರ ಬದಲಿಗೆ ಡಿಸ್ಪ್ಯಾಚ್ ಹೊರಗೆ ಹೋಯಿತು. ಸೇಲ್ಸ್‌ನವರು ಮುಖ ಊದಿಸಿಕೊಂಡರು. ಆದರೆ ಆ ಮುನಿಸು ಶುರುವಿಗೆ ಮುಂಚೆಯೇ ಬಂದು ಹೋಯಿತು. ಹಿಂದಿನ ಸಲ ಇದೇ ಮುನಿಸು ಎಂಟನೇ ತಿಂಗಳಲ್ಲಿ ಬಂದಿತ್ತು.

ಸಂಬಂಧಪಟ್ಟವರ ಪಟ್ಟಿಯಲ್ಲಿ ನಾನು ನೈಟ್ ಶಿಫ್ಟ್ ಸ್ಟೋರ್ಸ್ ಹುಡುಗನನ್ನೇ ಮರೆತಿದ್ದೆ. ಎಲ್ಲ ಮೀಟಿಂಗ್ ಹಗಲಲ್ಲೇ ನಡೆಯುತ್ತಿತ್ತು, ಅವನು ಒಂದಕ್ಕೂ ಬಂದವನಲ್ಲ. ರಾತ್ರಿ ಮಾಲು ಬೇಕಾದಾಗ ಸೂಪರ್‌ವೈಸರ್ ಸಿಗರೇಟ್ ಪ್ಯಾಕಿನ ಹಿಂದೆ ಬರೆದು ಕೊಡುವ ಚೀಟಿಯ ಮೇಲೇ ಅವನು ಮಾಲು ಕೊಡುತ್ತಿದ್ದ. ಬೆಳಗ್ಗೆ ಆ ಚೀಟಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಲೆಕ್ಕ ತಪ್ಪುತ್ತಿದ್ದದ್ದು ಅಲ್ಲೇ. ಆಮೇಲಿಂದ ಯಾವ ಚಾರ್ಟರ್ ಬರೆದರೂ ಹೆಸರುಗಳನ್ನು ಹುದ್ದೆಯ ಪಟ್ಟಿ ನೋಡಿ ಬರೆಯುವುದಿಲ್ಲ. ಮಾಲು ಕೈಯಿಂದ ಕೈಗೆ ಹೋಗುವ ದಾರಿ ಹಿಡಿದು ನಡೆದುಕೊಂಡು ಹೋಗಿ ಬರೆಯುತ್ತೇನೆ.

ಮೈಲಿಗಲ್ಲುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐದೇ ಇದ್ದವು. "ಡೇಟಾ ಶುದ್ಧೀಕರಣ ಪೂರ್ಣ" ಅಂತ ಮೊದಲು ಬರೆದಿದ್ದೆ. ಆಯ್ತೋ ಇಲ್ವೋ ಅಂತ ಯಾರು ಹೇಳಬೇಕು? ಎಕ್ಸೆಲ್‌ನಲ್ಲಿ ಒಂದೇ ಬೋಲ್ಟ್ `BOLT M8X25`, `M8*25 HEX BOLT`, `HEX 8-25` ಅಂತ ಮೂರು ಹೆಸರಲ್ಲಿ ಕೂತಿತ್ತು. ಕೊನೆಗೆ "ರ್‍ಯಾಕಿನ ಪ್ರತಿ ಐಟಂಗೂ ಒಂದೇ ಕೋಡ್, ಪಟ್ಟಿಗೆ ಸ್ಟೋರ್ಸ್ ಮತ್ತು ಅಕೌಂಟ್ಸ್ ಇಬ್ಬರ ಸಹಿ" ಅಂತ ತಿದ್ದಿದೆ. ಇನ್ನೊಂದು, ಪೂರ್ತಿ ಸ್ಟಾಕ್ ಎಣಿಕೆಯನ್ನು ಆಯುಧ ಪೂಜೆಯ ರಜೆಗೆ ಇಟ್ಟಿದ್ದೆ. ಮಾಲು ಅಲುಗಾಡುವುದಿಲ್ಲ, ಒಳ್ಳೆಯದೇ ಅಂದುಕೊಂಡೆ. ಎಣಿಸುವವರೂ ಊರಿಗೆ ಹೋಗಿರುತ್ತಾರೆ ಅನ್ನುವುದು ಹೊಳೆಯಲಿಲ್ಲ. ಅದನ್ನು ಎರಡು ಭಾನುವಾರಕ್ಕೆ ಬದಲಾಯಿಸಿ, ಓಟಿ ದುಡ್ಡನ್ನೂ ಚಾರ್ಟರ್‌ನ ಬಜೆಟ್‌ಗೆ ಸೇರಿಸಿದೆವು.

ಅಧಿಕಾರದ ಭಾಗದಲ್ಲಿ ಮೂರೇ ಸಾಲು. 50,000 ರೂಪಾಯಿವರೆಗೆ ಕೇಳದೆ ಖರ್ಚು ಮಾಡಬಹುದು. ಸ್ಟೋರ್ಸ್‌ನ ಇಬ್ಬರು ದಿನಾ 2ರಿಂದ 4 ಗಂಟೆ ಪ್ರಾಜೆಕ್ಟ್‌ಗೆ. ಮೂರು ದಿನದೊಳಗಿನ ಬದಲಾವಣೆ ನನ್ನ ತೀರ್ಮಾನ, ಅದಕ್ಕಿಂತ ಹೆಚ್ಚಿನದು ಮಾಲೀಕರದ್ದು. ಪ್ರೊಡಕ್ಷನ್ ಹೆಡ್ ಎರಡನೇ ಸಾಲಿಗೆ ಒಪ್ಪಲೇ ಇಲ್ಲ. "ಲೋಡಿಂಗ್ ಬಂದ್ರೆ ಹುಡುಗರನ್ನ ಕಳಿಸಲ್ಲ" ಅಂದರು. ಎರಡು ದಿನ ಎಳೆದಾಡಿ, ಲೋಡಿಂಗ್‌ಗೆ ಹೊರಗಿನ ಒಬ್ಬರನ್ನು ದಿನಗೂಲಿಗೆ ತೆಗೆದುಕೊಳ್ಳುವುದು ಅಂತ ಆದ ಮೇಲೆ ಸಹಿ ಹಾಕಿದರು. ತಿಂಗಳಾದ ಮೇಲೆ ಮೂರು ಗಂಟೆಗೆ ಹುಡುಗನನ್ನು ಕರೆದುಕೊಂಡು ಹೋದರು. ನಾನು ಏನೂ ಮಾತಾಡದೆ ಆ ಪುಟ ತೋರಿಸಿದೆ. ನಕ್ಕು, "ಸಹಿ ನಂದೇ ಅಲ್ವಾ" ಅಂತ ವಾಪಸ್ ಕಳಿಸಿದರು.

ಮೂರನೇ ಸಾಲು ಸೇಲ್ಸ್‌ನವರ ಜೊತೆ ಕೆಲಸಕ್ಕೆ ಬಂತು. ಗ್ರಾಹಕರ ಲೋಗೋ ಇರುವ ಲೇಬಲ್ ಪ್ರಿಂಟ್ ಆಗಬೇಕು ಅಂತ ಕೇಳಿದರು. ಸಾಫ್ಟ್‌ವೇರ್ ಕಂಪನಿಯವರು ಒಂಬತ್ತು ದಿನದ ಕೆಲಸ ಅಂದರು. ಬೇಡ ಅಂತ ನಾನು ಹೇಳಲಿಲ್ಲ. "ಇದು ಸೇರಿದರೆ ಇಆರ್‌ಪಿ ಶುರುವಾಗುವ ದಿನ ನವೆಂಬರ್ 1ರಿಂದ 15ಕ್ಕೆ ಹೋಗುತ್ತದೆ" ಅಂತ ಅರ್ಧ ಪುಟ ಬರೆದು ಮಾಲೀಕರ ಮೇಜಿಗೆ ಕಳಿಸಿದೆ. ಐದು ನಿಮಿಷದಲ್ಲಿ "ಆಮೇಲೆ ನೋಡೋಣ" ಅಂತ ಬಂತು.

ಯಶಸ್ಸಿನ ಅಳತೆಗೆ ಹೆಚ್ಚು ಬೆವರು ಸುರಿಸಿದೆ. ಮಾಲೀಕರು ಹೇಳಿದ್ದು "ಸ್ಟೋರ್ಸ್ ಲೆಕ್ಕ ಸರಿಯಾಗಬೇಕು." ಎಷ್ಟು ಸರಿ? ಈಗ ಎಷ್ಟು ತಪ್ಪಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಸಹಿಗೆ ಮುಂಚೆಯೇ 100 ಐಟಂಗಳನ್ನು ಚೀಟಿ ಎತ್ತಿ ಆರಿಸಿ, ಎರಡು ಮಧ್ಯಾಹ್ನ ಎಣಿಸಿದೆವು. ಬೋಲ್ಟ್, ವಾಷರ್ ತರದ್ದನ್ನು ಯಾರೂ ಒಂದೊಂದಾಗಿ ಎಣಿಸುವುದಿಲ್ಲ, ತೂಕ ಹಾಕುತ್ತಾರೆ. ಅದಕ್ಕೆ ಶೇಕಡಾ 2ರ ವ್ಯತ್ಯಾಸ ಬಿಟ್ಟೆವು. ಬೇರೆಯದರಲ್ಲಿ ಒಂದು ಹೆಚ್ಚು ಕಡಿಮೆ ಆದರೂ ತಪ್ಪೇ. ನೂರರಲ್ಲಿ 38 ಪುಸ್ತಕಕ್ಕೆ ತಾಳೆ ಆಗಲಿಲ್ಲ. ಮಾಲೀಕರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಗುರಿ ಹೀಗೆ ಬರೆದೆವು: ಶುರುವಾಗಿ ಮೂರು ತಿಂಗಳಿಗೆ, ಇದೇ ರೀತಿ ಎಣಿಸಿದಾಗ, ತಪ್ಪು 10 ಮೀರಬಾರದು. ಎಣಿಸುವವರು ಅಕೌಂಟ್ಸ್‌ನವರು, ನಾವಲ್ಲ.

ಫೆಬ್ರವರಿಯಲ್ಲಿ ಎಣಿಸಿದರು. 11 ಬಂತು.

ಒಂದೇ ಅಲ್ವಾ, ಬಿಡಿ ಅಂದರು ಕೆಲವರು. ನನಗೂ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಮಾಲೀಕರು ಚಾರ್ಟರ್ ತರಿಸಿ, ತಮ್ಮ ಸಹಿಯ ಮೇಲಿನ ಸಾಲು ಓದಿ, "10 ಅಂತ ಇದೆ" ಅಂದರು. ಹನ್ನೊಂದನ್ನೂ ಬಿಡಿಸಿ ನೋಡಿದರೆ ಏಳು ಪ್ಲೇಟಿಂಗ್‌ಗೆ ಹೋದ ಮಾಲು. ವಾಪಸ್ ಬರುವಾಗ ರಿಜೆಕ್ಟ್ ಆದ ತುಂಡುಗಳನ್ನು ಚಲನ್‌ನಲ್ಲಿ ಬೇರೆ ಬರೆಯುತ್ತಿರಲಿಲ್ಲ. ಚಲನ್‌ಗೆ ಒಂದು ಕಾಲಂ ಸೇರಿಸಿದೆವು, ಒಂದು ದಿನದ ಕೆಲಸ, ನನ್ನ ತೀರ್ಮಾನದಲ್ಲೇ ಆಯಿತು. ಮಾರ್ಚ್‌ನಲ್ಲಿ ಮತ್ತೆ ಚೀಟಿ ಎತ್ತಿ ಎಣಿಸಿದಾಗ 6. ಆವತ್ತು ಮಾಲೀಕರು ಕೊನೆಯ ಪುಟದಲ್ಲಿ "ಮುಗಿಯಿತು" ಅಂತ ಬರೆದು ತಾರೀಕು ಹಾಕಿದರು.