ಭಾನುವಾರದ ಕೋಳಿ, ಪಕ್ಕದಲ್ಲೇ ಸಲಾಡ್: ಒಂದೇ ಸಿಂಕಿನ ಅಡುಗೆಮನೆಯಲ್ಲಿ ಎರಡನ್ನೂ ಬೇರೆ ಇಡುವುದು ಹೇಗೆ

ಭಾನುವಾರ ಕೋಳಿ ಸುಕ್ಕ ತಿಂದು ಹೊಟ್ಟೆ ಕೆಟ್ಟರೆ ತಪ್ಪು ಸುಕ್ಕದ್ದೇ ಆಗಿರಬೇಕಿಲ್ಲ. ಅದು ಕೊತಕೊತ ಕುದ್ದು ಬೆಂದಿರುತ್ತದೆ. ಪಕ್ಕದ ತಟ್ಟೆಯಲ್ಲಿದ್ದ ಈರುಳ್ಳಿ, ಸೌತೆಕಾಯಿಯನ್ನು ಯಾರೂ ಅನುಮಾನಿಸುವುದಿಲ್ಲ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಇರಬಹುದು. ಚೆನ್ನಾಗಿ ಬೇಯಿಸಿದರೆ ಅವು ಸಾಯುತ್ತವೆ. ಆದರೆ ಚಾಕುವಿನಿಂದಲೋ ಕೈಯಿಂದಲೋ ಸೌತೆಕಾಯಿಗೆ ದಾಟಿದರೆ? ಅದನ್ನು ನಾವು ಹಸಿಯಾಗಿಯೇ ತಿನ್ನುತ್ತೇವೆ, ಅಲ್ವಾ. ಮೇಲೆ ನಿಂಬೆಹಣ್ಣು ಹಿಂಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಮಾತನ್ನು ನಂಬಬೇಡಿ.

ಈ ಸಂಬಂಧ ನಮ್ಮ ಕಣ್ಣಿಗೆ ಬೀಳದಿರಲು ಒಂದು ಕಾರಣ ಇದೆ. ಕ್ಯಾಂಪಿಲೊಬ್ಯಾಕ್ಟರ್ ಹೊಟ್ಟೆಗೆ ಹೋದ ಮೇಲೆ ಭೇದಿ, ಜ್ವರ ಶುರುವಾಗಲು ಸಾಮಾನ್ಯವಾಗಿ 2ರಿಂದ 5 ದಿನ ಬೇಕು. ಭಾನುವಾರ ತಿಂದದ್ದಕ್ಕೆ ಬುಧವಾರ ಹೊಟ್ಟೆ ಹಿಡಿದುಕೊಂಡು ಕೂತವರು ಸ್ಟೇಷನ್ ಹೊರಗೆ ತಿಂದ ವಡಾಪಾವ್‌ಗೆ ಬೈಯುತ್ತಾರೆ. ಮನೆಯ ಸಲಾಡ್ ನೆನಪಿಗೇ ಬರುವುದಿಲ್ಲ.

ಮುಂಬೈ ಹತ್ತಿರದ ಡೊಂಬಿವಿಲಿ, ಮೀರಾ ರೋಡ್ ಕಡೆ ನಮ್ಮ ಕನ್ನಡದವರ ಅಡುಗೆಮನೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಒಂದು ಕಟ್ಟೆ, ಒಂದು ಸಿಂಕು, ಒಬ್ಬರು ನಿಂತರೆ ಇನ್ನೊಬ್ಬರು ಅಡ್ಡ ತಿರುಗಿ ದಾಟಬೇಕು. ಆದ್ದರಿಂದ ಜಾಗದಲ್ಲಿ ಬೇರೆ ಇಡಲು ಆಗುವುದಿಲ್ಲ. ಸಮಯದಲ್ಲಿ ಬೇರೆ ಇಡಬೇಕು.

1. ಅಂಗಡಿಯಿಂದ ಮನೆಗೆ

ಕೋಳಿಗೆ ಎರಡು ಚೀಲ ಹಾಕಿಸಿ, ಕೊತ್ತಂಬರಿ ಇರುವ ಚೀಲದಲ್ಲಿ ಇಡಬೇಡಿ. ಫ್ರಿಜ್‌ನಲ್ಲಿ ಮುಚ್ಚಳದ ಡಬ್ಬಿಯಲ್ಲಿ, ಎಲ್ಲಕ್ಕಿಂತ ಕೆಳಗಿನ ತಟ್ಟಿನಲ್ಲಿ ಇಡಿ. ಸೋರಿದರೂ ತರಕಾರಿ ಮೇಲೆ ತೊಟ್ಟಿಕ್ಕಬಾರದು. ಕೆಳಗಿನ ತಟ್ಟಿನಡಿಯಲ್ಲೇ ತರಕಾರಿ ಪೆಟ್ಟಿಗೆ ಇರುವ ಫ್ರಿಜ್‌ಗಳೇ ಜಾಸ್ತಿ, ಹಾಗಾಗಿ ಡಬ್ಬಿಯ ಮುಚ್ಚಳ ಬಿಗಿಯಾಗಿರಲೇಬೇಕು.

2. ತರಕಾರಿ ಮೊದಲು, ಕೋಳಿ ಕೊನೆಗೆ

ಸಲಾಡಿನ ಈರುಳ್ಳಿ, ಸೌತೆಕಾಯಿ, ಕೊತ್ತಂಬರಿ, ನಿಂಬೆಹಣ್ಣು, ಹಸಿಯಾಗಿ ಹಾಕುವ ತೆಂಗಿನ ತುರಿ: ಎಲ್ಲವನ್ನೂ ಮೊದಲು ತೊಳೆದು, ಹೆಚ್ಚಿ, ಮುಚ್ಚಿ ಫ್ರಿಜ್‌ಗೆ ಸೇರಿಸಿ. ಆಮೇಲೆ ಮಸಾಲೆ. ಅರಿಶಿನ, ಉಪ್ಪು, ಮೆಣಸಿನ ಪುಡಿ, ಶುಂಠಿ-ಬೆಳ್ಳುಳ್ಳಿ ಎಷ್ಟು ಬೇಕೋ ಅಷ್ಟನ್ನು ಒಂದು ಬಟ್ಟಲಿಗೆ ತೆಗೆದಿಡಿ. ಎಣ್ಣೆಯನ್ನೂ ಒಂದು ಲೋಟಕ್ಕೆ ಹಾಕಿಡಿ. ಇಷ್ಟಾದ ಮೇಲೆಯೇ ಕೋಳಿಯ ಚೀಲ ಬಿಚ್ಚಿ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಕೋಳಿ ನೆನೆಯಲಿ ಎಂದು ಮೊದಲು ಅದನ್ನು ಹಿಡಿಯುತ್ತಾರೆ, ನೆನೆಯುವಷ್ಟರಲ್ಲಿ ಸಲಾಡ್ ಹೆಚ್ಚುತ್ತಾರೆ. ಬೇಕಿದ್ದರೆ ಸಲಾಡನ್ನು ಅರ್ಧ ಗಂಟೆ ಮುಂಚೆ ಮಾಡಿಡಿ, ಕ್ರಮ ಮಾತ್ರ ಬದಲಿಸಬೇಡಿ.

3. ಎರಡು ಮಣೆ, ಎರಡು ಚಾಕು

ದೊಡ್ಡ ಹೋಟೆಲುಗಳ ಅಡುಗೆಮನೆಯಲ್ಲಿ ಕೆಲಸ ಮಾಡಿದ ನಮ್ಮವರನ್ನು ಕೇಳಿ. ಅಲ್ಲಿ ಹಸಿ ಮಾಂಸಕ್ಕೆ ಕೆಂಪು ಮಣೆ, ಹಸಿ ಮೀನಿಗೆ ನೀಲಿ, ಸಲಾಡಿಗೆ ಹಸಿರು ಎಂದು ಬಣ್ಣಗಳನ್ನೇ ಹಂಚಿಟ್ಟಿರುತ್ತಾರೆ. ಮನೆಗೆ ಅಷ್ಟು ಬೇಡ, ಎರಡು ಸಾಕು. ಮಾಂಸ, ಮೀನಿಗೆ ದಪ್ಪ ಪ್ಲಾಸ್ಟಿಕ್ ಮಣೆ, ತರಕಾರಿಗೆ ಮರದ ಮಣೆ. ಒಂದು ಮರ, ಒಂದು ಪ್ಲಾಸ್ಟಿಕ್ ಆದರೆ ಅರೆನಿದ್ದೆಯಲ್ಲಿದ್ದರೂ ಅದಲುಬದಲಾಗುವುದಿಲ್ಲ. ಚಾಕುಗಳ ಹಿಡಿಯೂ ಬೇರೆ ಬೇರೆ ಬಣ್ಣದ್ದಿರಲಿ. ಗುರುತಿಗೆ ಟೇಪ್ ಸುತ್ತಬೇಡಿ, ಅದರ ಅಂಚಿನಲ್ಲಿ ಕೊಳೆ ಕೂರುತ್ತದೆ.

ಸುರುಳಿ ಸುತ್ತಬಹುದಾದ ತೆಳು ಬಣ್ಣದ ಹಾಳೆಗಳನ್ನು ಕೊಳ್ಳಬೇಡಿ. ಕೆಲವೇ ವಾರದಲ್ಲಿ ಗೀರು ಗೀರಾಗಿ, ಆ ಗೀರಿನೊಳಗೆ ಬ್ರಷ್ ಇಳಿಯುವುದಿಲ್ಲ. ಗಾಜಿನ ಮಣೆ ಚಾಕುವಿನ ಮೊನೆ ತಿನ್ನುತ್ತದೆ. "ಒಂದು ಕಡೆ ಮಾಂಸ, ಇನ್ನೊಂದು ಕಡೆ ತರಕಾರಿ" ಎಂದು ಮಾರುವ ಮಣೆಯಂತೂ ಬೇಡವೇ ಬೇಡ. ತಿರುಗಿಸಿ ಹಾಕಿದ ಕೂಡಲೇ ಕೋಳಿಯ ನೀರು ಕಟ್ಟೆಗೆ ಅಂಟುತ್ತದೆ.

ಊರಿನಿಂದ ತಂದ ಮೆಟ್ಟುಕತ್ತಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮೀನು, ಕೋಳಿ, ತೊಂಡೆಕಾಯಿ ಎಲ್ಲಕ್ಕೂ ಅದೊಂದೇ, ತುದಿಯಲ್ಲಿ ತೆಂಗಿನಕಾಯಿ ತುರಿಯುವುದೂ ಅದರಲ್ಲೇ. ಕತ್ತಿಯ ಅಲಗು ಮರಕ್ಕೆ ಕೂರುವ ಜಾಗವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಅಲ್ಲೊಂದು ಸಂದು ಇರುತ್ತದೆ, ಅದರಲ್ಲಿ ಕಪ್ಪಗೆ ಏನೋ ಅಂಟಿರುತ್ತದೆ. ಮೇಲೆ ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಹಿರಿಯರು ಮೀನಿಗೆಂದೇ ಒಂದು ಕತ್ತಿ ಬೇರೆ ಇಡುತ್ತಿದ್ದರು. ನೀವೂ ಹಾಗೆ ಮಾಡಿ, ಇಲ್ಲದಿದ್ದರೆ ಮೆಟ್ಟುಕತ್ತಿಯನ್ನು ತರಕಾರಿ, ತೆಂಗಿನಕಾಯಿಗೆ ಮಾತ್ರ ಇಟ್ಟುಕೊಳ್ಳಿ.

4. ಕೋಳಿಯನ್ನು ನಲ್ಲಿಯಡಿ ಹಿಡಿಯಬೇಡಿ

ಹಸಿ ಕೋಳಿಯನ್ನು ತೊಳೆಯದೇ ಇರುವುದೇ ಒಳ್ಳೆಯದು. ನೀರಿನಿಂದ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಸಿಡಿದು ಸುತ್ತ ಹರಡುತ್ತದೆ. ಸಿಂಕಿನ ಪಕ್ಕ ತೊಳೆದಿಟ್ಟ ಲೋಟ, ತಟ್ಟೆಗಳ ಮೇಲೂ ಹನಿ ಬೀಳುತ್ತದೆ. ಮೂಳೆಯ ಚೂರು, ಪುಕ್ಕ ಇದ್ದರೆ ಏನು ಮಾಡುವುದು ಅನ್ನುತ್ತೀರಾ? ಆಗ ಸಿಂಕು ಖಾಲಿ ಮಾಡಿ, ಪಾತ್ರೆಗಳನ್ನು ದೂರ ಸರಿಸಿ. ಒಂದು ಅಗಲದ ಪಾತ್ರೆಯಲ್ಲಿ ನೀರು ತುಂಬಿ ಅದರೊಳಗೆ ಕೋಳಿ ಇಳಿಸಿ, ಕೈಯಾಡಿಸಿ, ನೀರನ್ನು ಸಿಂಕಿನ ತೂತಿನ ಹತ್ತಿರ ಮೆಲ್ಲಗೆ ಬಗ್ಗಿಸಿ. ಸಿಂಕನ್ನು ಕೂಡಲೇ ಸೋಪು ಹಾಕಿ ತೊಳೆಯಿರಿ. ಅರಿಶಿನ ಹಚ್ಚಿ ತೊಳೆದರೂ ಲೆಕ್ಕ ಇಷ್ಟೇ.

5. ಕೈ: ಎಲ್ಲರೂ ಎಡವುವುದು ಇಲ್ಲಿ

ಎಲ್ಲರೂ ಕೈ ತೊಳೆಯುತ್ತಾರೆ. ತೊಂದರೆ ಇರುವುದು ತೊಳೆಯುವುದಕ್ಕೆ ಮುಂಚಿನ ಅರ್ಧ ನಿಮಿಷದಲ್ಲಿ. ಕೋಳಿಗೆ ಮಸಾಲೆ ಕಲಸುತ್ತಿರುವಾಗ ಕುಕ್ಕರ್ ಸೀಟಿ ಹೊಡೆಯುತ್ತದೆ, ಗ್ಯಾಸಿನ ತಿರುಪು ಮುಟ್ಟುತ್ತೇವೆ. ಉಪ್ಪು ಸಾಲದು ಅನಿಸುತ್ತದೆ, ಡಬ್ಬಿ ತೆರೆಯುತ್ತೇವೆ. ಫೋನ್ ಬರುತ್ತದೆ. ಕೊನೆಗೆ ಕೈ ತೊಳೆಯಲು ಅದೇ ಕೈಯಿಂದ ನಲ್ಲಿ ತಿರುಗಿಸುತ್ತೇವೆ. ಕೈ ಚೊಕ್ಕವಾದ ಮೇಲೆ ನಿಲ್ಲಿಸುವುದೂ ಅದೇ ನಲ್ಲಿಯನ್ನು. ಹೋದದ್ದು ಮತ್ತೆ ಕೈಗೇ ಬಂತು.

ಇದು ನಿಮ್ಮ ಮನೆಯಲ್ಲೂ ಆಗುತ್ತಿದೆಯೇ ಎಂದು ನೋಡಲು ಅರಿಶಿನವೇ ಸಾಕು. ಈ ಭಾನುವಾರ ಅರಿಶಿನ ಸ್ವಲ್ಪ ಜಾಸ್ತಿ ಹಾಕಿ ಕೋಳಿ ಕಲಸಿ. ಎಂದಿನಂತೆ ಕೆಲಸ ಮುಗಿಸಿ, ಒರೆಸುವ ಮುಂಚೆ ಬಿಳಿ ಟಿಶ್ಯೂವನ್ನು ಒದ್ದೆ ಮಾಡಿ ಒಂದೊಂದೇ ಜಾಗ ಉಜ್ಜಿ: ನಲ್ಲಿಯ ತಿರುಪು, ಫ್ರಿಜ್ ಬಾಗಿಲಿನ ಹಿಡಿ, ಉಪ್ಪಿನ ಡಬ್ಬಿಯ ಮುಚ್ಚಳ, ಲೈಟರ್, ಸ್ವಿಚ್, ಫೋನು. ನಮ್ಮ ಅಕ್ಕನ ಮನೆಯಲ್ಲಿ ಹೀಗೆ ನೋಡಿದಾಗ ಎಲ್ಲಕ್ಕಿಂತ ಹಳದಿಯಾಗಿ ಬಂದದ್ದು ಪಾತ್ರೆ ತಿಕ್ಕುವ ಸೋಪಿನ ಡಬ್ಬಿಯ ಅಂಚು. ಹಳದಿ ಹತ್ತಿದಲ್ಲೆಲ್ಲ ಕೋಳಿಯ ಕೈ ತಾಗಿದೆ ಎಂದು ಅರ್ಥ. ಆದರೆ ಹಳದಿ ಕಾಣದ ಜಾಗ ಚೊಕ್ಕ ಎಂದುಕೊಳ್ಳಬೇಡಿ, ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವುದಿಲ್ಲ.

ಈಗ ಸರಿಯಾದ ರೀತಿ. ಕೋಳಿ ಮುಟ್ಟುವ ಮೊದಲೇ ಉಂಗುರ ತೆಗೆದಿಡಿ, ಬಳೆಯನ್ನು ಮೊಣಕೈ ಕಡೆ ಏರಿಸಿ. ಕಲಸುವುದಕ್ಕೆ ಬಲಗೈ ಮಾತ್ರ, ಎಡಗೈ ಒಣಗಿರಲಿ. ಬಟ್ಟಲಿನ ಮಸಾಲೆ ಸುರಿಯುವುದು, ನಲ್ಲಿ ತಿರುಗಿಸುವುದು ಎಡಗೈ ಕೆಲಸ. ಕತ್ತರಿಸುವಾಗ ಎರಡೂ ಕೈ ಕೆಡುತ್ತವೆ, ಆಗ ನಲ್ಲಿಯನ್ನು ಮೊಣಕೈಯಿಂದ ತೆರೆಯಿರಿ. ಆಗದಿದ್ದರೆ ಕೈಯ ಜೊತೆ ತಿರುಪನ್ನೂ ಸೋಪು ಹಚ್ಚಿ ತೊಳೆಯಿರಿ.

ಕೈ ಒದ್ದೆ ಮಾಡಿ, ಸೋಪು ಹಚ್ಚಿ, 20 ಸೆಕೆಂಡ್ ಉಜ್ಜಿ. ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸಿದರೆ ಸರಿಹೋಗುತ್ತದೆ. ಅಂಗೈ ಎಲ್ಲರೂ ಉಜ್ಜುತ್ತಾರೆ. ಬಿಟ್ಟುಹೋಗುವುದು ಹೆಬ್ಬೆರಳು, ಬೆರಳ ಸಂದು, ಉಗುರಿನ ಒಳಗೆ. ಬೆರಳ ತುದಿಗಳನ್ನು ಇನ್ನೊಂದು ಅಂಗೈಯಲ್ಲಿ ಗೀರಿ ಉಜ್ಜಿದರೆ ಉಗುರಿನೊಳಗೂ ನೊರೆ ಹೋಗುತ್ತದೆ. ತಣ್ಣೀರಾದರೂ ನಡೆಯುತ್ತದೆ, ಸಾಮಾನ್ಯ ಸೋಪು ಸಾಕು. ಸ್ಯಾನಿಟೈಸರ್ ಇಲ್ಲಿ ಕೆಲಸಕ್ಕೆ ಬಾರದು, ಜಿಡ್ಡಿನ ಕೈಯಲ್ಲಿ ಅದು ಸರಿಯಾಗಿ ನಾಟುವುದಿಲ್ಲ.

ಒರೆಸಿಕೊಳ್ಳಲು ಕೈಗೆಂದೇ ಒಂದು ಬೇರೆ ಟವೆಲ್ ಇರಲಿ. ಕಟ್ಟೆ ಒರೆಸುವ ಬಟ್ಟೆ ಬೇಡ, ನೈಟಿಯ ಬದಿಯೂ ಬೇಡ. ಕೋಳಿ ಹಿಡಿದಾಗ ಕೈ ತಾನಾಗಿಯೇ ಹೋಗಿ ಅಲ್ಲೇ ಒರೆಸಿಕೊಂಡಿರುತ್ತದೆ.

ನೀರು ಗೊತ್ತಾದ ಹೊತ್ತಿನಲ್ಲಿ ಮಾತ್ರ ಬರುವ ಕಟ್ಟಡಗಳಲ್ಲಿ ಇನ್ನೊಂದು ತೊಡಕಿದೆ. ಡ್ರಮ್ಮಿನಲ್ಲಿ ನೀರು ತುಂಬಿ ಮಗ್ಗಿನಿಂದ ತೆಗೆಯುತ್ತಾರೆ. ಕೋಳಿಯ ಕೈಯಲ್ಲಿ ಮಗ್ಗು ಹಿಡಿದು ಡ್ರಮ್ಮಿಗೆ ಅದ್ದಿದರೆ ಇಡೀ ದಿನದ ನೀರೇ ಕೆಟ್ಟಿತು. ಕೋಳಿ ಮುಟ್ಟುವ ಮುಂಚೆ ಒಂದು ಚಿಕ್ಕ ಬಕೆಟಿಗೆ ನೀರು ಬೇರೆ ತೆಗೆದಿಡಿ, ಮನೆಯವರೊಬ್ಬರಿಗೆ "ಸ್ವಲ್ಪ ನೀರು ಹುಯ್ಯಿ" ಅನ್ನಿ. ಒಬ್ಬರೇ ಇದ್ದರೆ ಕೆಳಗೆ ನಲ್ಲಿ ಇರುವ ಸ್ಟೀಲ್ ಡ್ರಮ್ಮೇ ಒಳ್ಳೆಯದು.

6. ಮಣೆ, ಚಾಕು, ಕಟ್ಟೆ

ಮೊದಲು ಸೋಪು ಹಾಕಿ ಬ್ರಷ್ಷಿನಿಂದ ತಿಕ್ಕಿ, ತೊಳೆಯಿರಿ. ಆಮೇಲೆ 1 ಲೀಟರ್ ನೀರಿಗೆ ಸುಗಂಧ ಬೆರೆಸದ, ಬಟ್ಟೆಗೆ ಹಾಕುವ ಬ್ಲೀಚ್ 1 ಟೀಚಮಚ ಬೆರೆಸಿ ಮಾಂಸದ ಮಣೆಗೆ ಸುರಿಯಿರಿ. ಕೆಲವು ನಿಮಿಷ ಬಿಟ್ಟು ತೊಳೆದು, ಕಿಟಕಿಯ ಗ್ರಿಲ್‌ಗೆ ನಿಲ್ಲಿಸಿ ಒಣಗಿಸಿ. ಜಿಡ್ಡು ಹೋಗದೆ ಬ್ಲೀಚ್ ಹಾಕಿದರೆ ಅದು ಕೆಲಸ ಮಾಡುವುದಿಲ್ಲ. ಬ್ಲೀಚಿಗೆ ನಿಂಬೆರಸ, ವಿನೆಗರ್, ಟಾಯ್ಲೆಟ್ ತೊಳೆಯುವ ದ್ರವ ಯಾವುದನ್ನೂ ಸೇರಿಸಬೇಡಿ, ವಿಷದ ಗಾಳಿ ಬರುತ್ತದೆ. ಗೀರು ಆಳವಾಗಿ, ಉಗುರು ಸಿಕ್ಕಿಕೊಳ್ಳುವಂತಾದರೆ ಆ ಮಣೆ ಬಿಸಾಡಿ. ಹಸಿ ಕೋಳಿ ಇದ್ದ ಪಾತ್ರೆ, ಸೌಟನ್ನು ತೊಳೆಯದೆ ಬೆಂದದ್ದಕ್ಕೆ ಬಳಸಬೇಡಿ.

ತಪ್ಪಿ ತಾಗಿದರೆ

ಕೋಳಿಯ ಚಾಕುವಿನಲ್ಲೇ ಈರುಳ್ಳಿ ಹೆಚ್ಚಿಬಿಟ್ಟಿರಾ? ಎಸೆಯಬೇಡಿ, ಸುಕ್ಕದ ಬಾಣಲೆಗೆ ಹಾಕಿ, ಕೋಳಿಯ ಜೊತೆ ಬೇಯಲಿ. ಕೊತ್ತಂಬರಿಗೂ ಹಾಗೆಯೇ ಮಾಡಿ, ಆದರೆ ಒಲೆ ಆರಿಸಿದ ಮೇಲೆ ಉದುರಿಸಬೇಡಿ, ಕುದಿಯುವಾಗಲೇ ಹಾಕಿ. ಸೌತೆಕಾಯಿ ಮಾತ್ರ ಕಸಕ್ಕೆ. ಹೆಚ್ಚಿದ ಮೇಲೆ ತೊಳೆದರೆ ಅದು ಚೊಕ್ಕವಾಗುವುದಿಲ್ಲ.